ಮಾತ್ರೆ ಬೇರೆ, ಒಳಗೆ ಹಚ್ಚುವ ಕ್ರೀಮು ಬೇರೆ
(ಸ್ತನ ಕ್ಯಾನ್ಸರ್ ಆಗಿ ಗುಣವಾದ ಸಹೋದರಿಯರಿಗಾಗಿ ಆರೋಗ್ಯ ಪಾಠ)



ಶಿಕಾರಿಪುರ, ಸೊರಬ ತಾಲ್ಲೂಕುಗಳಿಂದ ಸ್ತನ ಕ್ಯಾನ್ಸರ್ ಚಿಕಿತ್ಸೆಗೆಂದು ಶಿವಮೊಗ್ಗ, ಮಣಿಪಾಲ ಅಥವಾ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಹೋಗಿ ಬಂದವರು ನಮ್ಮ ನಡುವೆ ಇದ್ದಾರೆ. ಆಪರೇಷನ್ ಆಯಿತು, ಕರೆಂಟು ಕೊಟ್ಟಿದ್ದೂ ಆಯಿತು, ಈಗ ದಿನಕ್ಕೊಂದು ಮಾತ್ರೆ ಅಷ್ಟೇ ಅಂತ ಮನೆಯವರು ಸಮಾಧಾನವಾಗಿರ್ತಾರೆ. ಆದರೆ ಒಂದು ತೊಂದರೆಯನ್ನು ಅವರು ಯಾರ ಮುಂದೆಯೂ ಹೇಳುವುದಿಲ್ಲ. ಯೋನಿ ಒಣಗಿ ಉರಿಯುತ್ತದೆ, ಮೂತ್ರಕ್ಕೆ ಹೋದರೆ ಉರಿ, ಗಂಡನ ಜೊತೆ ಸೇರಿದರೆ ನೋವು, ಒಮ್ಮೊಮ್ಮೆ ರಕ್ತದ ಕಲೆ. ಇದಕ್ಕೆ ಈಸ್ಟ್ರೋಜನ್ ಎಂಬ ಹಾರ್ಮೋನಿನ ಔಷಧಿ ಇದೆ. ಕ್ಯಾನ್ಸರ್ ಆದವರು ಅದನ್ನು ಬಳಸಬಹುದೇ ಎಂಬುದೇ ಈ ಪಾಠದ ವಿಷಯ.

ಒಣಗುವುದು ಯಾಕೆ?

ಯೋನಿಯ ಒಳಪದರ ದಪ್ಪಗೆ, ತೇವವಾಗಿ ಇರಲು ಈಸ್ಟ್ರೋಜನ್ ಬೇಕು. ಮುಟ್ಟು ನಿಂತ ಮೇಲೆ ಅದು ಕಡಿಮೆಯಾಗುತ್ತದೆ. ಸ್ತನ ಕ್ಯಾನ್ಸರ್ ಗಡ್ಡೆಗಳಲ್ಲಿ ಹೆಚ್ಚಿನವು ಇದೇ ಈಸ್ಟ್ರೋಜನ್‌ನಿಂದ ಬೆಳೆಯುವಂಥವು; ರಿಪೋರ್ಟಿನಲ್ಲಿ ಇದನ್ನು ‘ಇಆರ್ ಪಾಸಿಟಿವ್’ ಎಂದು ಬರೆದಿರುತ್ತಾರೆ. ಅಂಥವರಿಗೆ ಡಾಕ್ಟರು ಲೆಟ್ರೊಜೋಲ್, ಅನಾಸ್ಟ್ರೊಜೋಲ್ ಅಥವಾ ಟಮಾಕ್ಸಿಫೆನ್ ಮಾತ್ರೆಯನ್ನು ಐದು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಕೊಡುತ್ತಾರೆ. ಲೆಟ್ರೊಜೋಲ್, ಅನಾಸ್ಟ್ರೊಜೋಲ್ ಮೈಯಲ್ಲಿ ಉಳಿದಿರುವ ಸ್ವಲ್ಪ ಈಸ್ಟ್ರೋಜನ್ನನ್ನೂ ಹೆಚ್ಚು ಕಡಿಮೆ ಇಲ್ಲದಂತೆ ಮಾಡುತ್ತವೆ. ಟಮಾಕ್ಸಿಫೆನ್ ಹಾಗಲ್ಲ. ಈಸ್ಟ್ರೋಜನ್ ಇದ್ದರೂ ಅದು ಸ್ತನವನ್ನು ಮುಟ್ಟದಂತೆ ತಡೆಯುತ್ತದೆ. ಈ ವ್ಯತ್ಯಾಸ ಮುಂದೆ ಬೇಕಾಗುತ್ತದೆ, ನೆನಪಿಟ್ಟುಕೊಳ್ಳಿ.

ನುಂಗುವ ಮಾತ್ರೆ ಯಾಕೆ ಬೇಡ?

ನುಂಗಿದ ಈಸ್ಟ್ರೋಜನ್ ರಕ್ತಕ್ಕೆ ಸೇರಿ ಇಡೀ ಮೈಗೆ ಹೋಗುತ್ತದೆ, ಸ್ತನಕ್ಕೂ ಹೋಗುತ್ತದೆ. ಸ್ವೀಡನ್ ಮತ್ತಿತರ ದೇಶಗಳಲ್ಲಿ ಸ್ತನ ಕ್ಯಾನ್ಸರ್ ಆಗಿದ್ದ ಮಹಿಳೆಯರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ ಪರೀಕ್ಷಿಸಿದರು. ಒಂದು ಗುಂಪಿಗೆ ಹಾರ್ಮೋನು ಕೊಟ್ಟರು, ಹೆಚ್ಚಾಗಿ ಮಾತ್ರೆಯಾಗಿ, ಇನ್ನೊಂದಕ್ಕೆ ಕೊಡಲಿಲ್ಲ. 2004ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಸುಮಾರು ಎರಡು ವರ್ಷದೊಳಗೆ ಹಾರ್ಮೋನು ಪಡೆದ 174 ಜನರಲ್ಲಿ 26 ಮಂದಿಗೆ ಮತ್ತೆ ಸ್ತನ ಕ್ಯಾನ್ಸರ್ ಬಂದಿತ್ತು, ಪಡೆಯದ 171 ಜನರಲ್ಲಿ 7 ಮಂದಿಗೆ. ಆ ಪರೀಕ್ಷೆಯನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು. ಆದ್ದರಿಂದ ಸ್ತನ ಕ್ಯಾನ್ಸರ್ ಆದವರು ಹಾರ್ಮೋನು ಮಾತ್ರೆ ನುಂಗಬಾರದು. ಮೈ ಬಿಸಿಯೇರುತ್ತದೆ, ಬೆವರು ಬರುತ್ತದೆ ಅಂತ ಮೆಡಿಕಲ್ ಶಾಪಿನಲ್ಲಿ ಕೇಳಿ ತರುವುದೂ ಬೇಡ.

ಒಳಗೆ ಇಡುವ ಔಷಧಿ ಹೇಗೆ ಬೇರೆ?

ಒಂದು ಲೆಕ್ಕ ಹಾಕೋಣ. ಯೋನಿಯೊಳಗೆ ಇಡುವ ಚಿಕ್ಕ ಮಾತ್ರೆಯಲ್ಲಿ 10 ಮೈಕ್ರೋಗ್ರಾಂ ಈಸ್ಟ್ರಾಡಯೋಲ್ ಇರುತ್ತದೆ. ಮೊದಲ ಎರಡು ವಾರ ದಿನಕ್ಕೊಂದು, ಅಂದರೆ 14. ಉಳಿದ 50 ವಾರ ವಾರಕ್ಕೆರಡು, ಅಂದರೆ 100. ವರ್ಷಕ್ಕೆ ಒಟ್ಟು 114 ಮಾತ್ರೆ, 1,140 ಮೈಕ್ರೋಗ್ರಾಂ. ಮಿಲಿಗ್ರಾಂ ಲೆಕ್ಕದಲ್ಲಿ 1 ಚಿಲ್ಲರೆ. ನುಂಗುವ ಮಾತ್ರೆಯಾದರೆ ಒಂದೇ ದಿನಕ್ಕೆ 1 ಅಥವಾ 2 ಮಿಲಿಗ್ರಾಂ. ಅಂದರೆ ಅಲ್ಲಿ ಒಂದು ದಿನ ನುಂಗುವಷ್ಟು ಇಲ್ಲಿ ಇಡೀ ವರ್ಷಕ್ಕೆ! ಅದೂ ಬೇಕಾದ ಜಾಗದಲ್ಲೇ ಕೆಲಸ ಮಾಡುವುದರಿಂದ, ರಕ್ತದಲ್ಲಿ ಈಸ್ಟ್ರೋಜನ್ ಮುಟ್ಟು ನಿಂತವರಲ್ಲಿ ಇರುವ ಮಟ್ಟದಲ್ಲೇ ಉಳಿಯುತ್ತದೆ. ಮೊದಲ ಕೆಲವು ದಿನ ಮಾತ್ರ ಒಳಪದರ ತೆಳ್ಳಗಿರುವುದರಿಂದ ರಕ್ತಕ್ಕೆ ಸ್ವಲ್ಪ ಹೆಚ್ಚು ಸೇರುತ್ತದೆ. ಪದರ ದಪ್ಪವಾದಂತೆ ಅದು ಕಡಿಮೆಯಾಗುತ್ತದೆ.

ನಮ್ಮ ಕಡೆ ಹೆಚ್ಚಾಗಿ ಬರೆದುಕೊಡುವುದು ಈಸ್ಟ್ರಿಯಾಲ್ ಕ್ರೀಮು. ಅದು ಈಸ್ಟ್ರಾಡಯೋಲ್‌ಗಿಂತ ಬಹಳ ಸೌಮ್ಯವಾದ ಬೇರೆ ಈಸ್ಟ್ರೋಜನ್. ಹಾಗಾಗಿ ಅದರ ಅಳತೆಯನ್ನು ಮೇಲಿನ ಲೆಕ್ಕದ ಜೊತೆ ಹೋಲಿಸಬಾರದು. ಟ್ಯೂಬಿನ ಜೊತೆ ಬರುವ ಕೊಳವೆಯ ಗುರುತಿನ ತನಕ ತುಂಬಿದರೆ ಅರ್ಧ ಗ್ರಾಂ ಕ್ರೀಮು, ಅಷ್ಟೇ ಒಂದು ಸಲಕ್ಕೆ.

ಅಧ್ಯಯನಗಳು ಏನು ಹೇಳುತ್ತವೆ?

ಡೆನ್ಮಾರ್ಕ್‌ನಲ್ಲಿ ಸ್ತನ ಕ್ಯಾನ್ಸರ್ ಆಗಿದ್ದ 8,461 ಮಹಿಳೆಯರ ದಾಖಲೆಗಳನ್ನು ನೋಡಿ 2022ರಲ್ಲಿ ವರದಿ ಕೊಟ್ಟರು. ಒಳಗೆ ಇಡುವ ಈಸ್ಟ್ರೋಜನ್ ಬಳಸಿದ 1,957 ಜನರಲ್ಲಿ ಒಟ್ಟಾರೆ ಕ್ಯಾನ್ಸರ್ ಮರುಕಳಿಸುವುದು ಹೆಚ್ಚಾಗಿರಲಿಲ್ಲ, ಸಾವೂ ಹೆಚ್ಚಾಗಿರಲಿಲ್ಲ. ಆದರೆ ಲೆಟ್ರೊಜೋಲ್ ಜಾತಿಯ ಮಾತ್ರೆಯ ಜೊತೆ ಬಳಸಿದವರಲ್ಲಿ ಮರುಕಳಿಸುವುದು ಸ್ವಲ್ಪ ಹೆಚ್ಚು ಕಂಡಿತು. ಅವರಲ್ಲೂ ಸಾವು ಹೆಚ್ಚಾಗಿರಲಿಲ್ಲ. 2023ರಲ್ಲಿ ಸ್ಕಾಟ್ಲೆಂಡ್ ಮತ್ತು ವೇಲ್ಸ್‌ನ ಸುಮಾರು 49 ಸಾವಿರ ಮಹಿಳೆಯರ ದಾಖಲೆ ನೋಡಿದಾಗಲೂ ಬಳಸಿದವರಲ್ಲಿ ಸ್ತನ ಕ್ಯಾನ್ಸರ್‌ನಿಂದ ಸಾವು ಹೆಚ್ಚಾಗಿರಲಿಲ್ಲ. ಆದರೆ ಇವು ದಾಖಲೆ ನೋಡಿ ಮಾಡಿದ ಅಧ್ಯಯನಗಳು, ಚೀಟಿ ಎತ್ತಿ ಮಾಡಿದ್ದಲ್ಲ. ಅಪಾಯ ಕಡಿಮೆ ಇರುವವರಿಗೇ ಡಾಕ್ಟರು ಇದನ್ನು ಬರೆದುಕೊಟ್ಟಿರಬಹುದು. ಹಾಗಾಗಿ ‘ಭಯ ಬೇಡ’ ಎನ್ನಬಹುದೇ ಹೊರತು ‘ಕೇಳದೇ ಹಚ್ಚಿಕೊಳ್ಳಿ’ ಎನ್ನುವಂತಿಲ್ಲ.

ಒಂದು ಉದಾಹರಣೆ

ಸೊರಬ ತಾಲ್ಲೂಕಿನ 56 ವರ್ಷದ ಒಬ್ಬ ತಾಯಿ ಎಂದಿಟ್ಟುಕೊಳ್ಳೋಣ. ಆಪರೇಷನ್ ಆಗಿ ಮೂರು ವರ್ಷ, ದಿನವೂ ಲೆಟ್ರೊಜೋಲ್ ನುಂಗುತ್ತಾರೆ. ಉರಿ ತಾಳಲಾರದೆ “ಈ ಮಾತ್ರೆನೇ ಬಿಟ್ಬಿಡ್ತೀನಿ” ಅಂತಾರೆ. ಹಾಗೆ ಮಾಡಬಾರದು. ಕ್ಯಾನ್ಸರ್ ತಡೆಯುವ ಮಾತ್ರೆಯನ್ನು ತಾವಾಗಿ ಬಿಡುವುದೇ ದೊಡ್ಡ ಅಪಾಯ.

ಅವರು ಮೊದಲು ತಾಲ್ಲೂಕು ಆಸ್ಪತ್ರೆಯಲ್ಲಿ ಮೂತ್ರ ಪರೀಕ್ಷೆ, ಒಳಪರೀಕ್ಷೆ ಮಾಡಿಸಬೇಕು. ಸೋಂಕಿನಿಂದಲೂ ಉರಿ ಬರುತ್ತದೆ, ಅದಕ್ಕೆ ಔಷಧಿ ಬೇರೆ. ಸೋಪು, ಡೆಟಾಲ್ ಹಾಕಿ ಒಳಗೆ ತೊಳೆಯುವ ಅಭ್ಯಾಸವಿದ್ದರೆ ನಿಲ್ಲಿಸಬೇಕು.

ಸೋಂಕು ಇಲ್ಲದಿದ್ದರೆ ಹಾರ್ಮೋನು ಇಲ್ಲದ, ತೇವ ಉಳಿಸುವ ಜೆಲ್ಲನ್ನು ವಾರಕ್ಕೆ ಎರಡು ಮೂರು ಸಲ ಬಿಡದೆ ಹಾಕಬೇಕು. ಗಂಡ ಹೆಂಡತಿ ಸೇರುವಾಗ ನೀರಿನ ಅಂಶದ ಜಾರುವ ಜೆಲ್ ಬಳಸಬಹುದು. ಎರಡು ಮೂರು ತಿಂಗಳು ಹೀಗೆ ಮಾಡಿದರೆ ಎಷ್ಟೋ ಜನರಿಗೆ ಇದರಲ್ಲೇ ಆರಾಮ ಸಿಗುತ್ತದೆ.

ಆಗಲೂ ಕಡಿಮೆಯಾಗದಿದ್ದರೆ ಕ್ಯಾನ್ಸರ್‌ಗೆ ಚಿಕಿತ್ಸೆ ಕೊಟ್ಟ ಡಾಕ್ಟರ ಹತ್ತಿರ ಫೈಲು ಸಮೇತ ಹೋಗಬೇಕು. ಆ ತಾಯಿ ಕೇಳಬೇಕಾದದ್ದು ಇಷ್ಟೇ: “ಡಾಕ್ಟ್ರೇ, ನಂಗೆ ಒಳಗೆ ಹಚ್ಚೋ ಕ್ರೀಮು ಆಗುತ್ತಾ? ಲೆಟ್ರೊಜೋಲ್ ಬದಲು ಟಮಾಕ್ಸಿಫೆನ್ ಕೊಡಬಹುದಾ?” ಕೆಲವರಿಗೆ ಡಾಕ್ಟರು ಹಾಗೆ ಬದಲಿಸಿ, ಆಮೇಲೆ ಕ್ರೀಮು ಕೊಡುತ್ತಾರೆ. ಮರುಕಳಿಸುವ ಅಪಾಯ ಹೆಚ್ಚಿರುವವರಿಗೆ ಬದಲಿಸದೇ ಇರಬಹುದು. ಅದು ಫೈಲು ನೋಡಿ ಅವರು ತೀರ್ಮಾನಿಸುವ ವಿಷಯ.

ಬಳಸುವಾಗ ತಪ್ಪುವುದು ಎಲ್ಲಿ?

ಕ್ರೀಮನ್ನು ರಾತ್ರಿ ಮಲಗುವಾಗ ಹಾಕಬೇಕು. ಎರಡು ವಾರದ ನಂತರ ವಾರಕ್ಕೆ ಎರಡೇ ಸಲ. ಬುಧವಾರ, ಭಾನುವಾರ ಎಂದು ಗೊತ್ತು ಮಾಡಿಕೊಂಡರೆ ಮರೆಯುವುದಿಲ್ಲ. ಆರಾಮ ಆಯಿತೆಂದು ದಿನವೂ ಹಾಕಬೇಡಿ. ಜಾರಲೆಂದು ಸೇರುವ ಮೊದಲು ಹಚ್ಚಿಕೊಳ್ಳುವ ಎಣ್ಣೆಯೂ ಇದಲ್ಲ. ಪೂರ್ತಿ ಗುಣ ಕಾಣಲು 12 ವಾರ ಬೇಕಾಗಬಹುದು. ಡಬ್ಬಿಯೊಳಗಿನ ಚೀಟಿಯಲ್ಲಿ ‘ಸ್ತನ ಕ್ಯಾನ್ಸರ್ ಇದ್ದವರು ಬಳಸಬಾರದು’ ಎಂದು ಇದ್ದರೆ ಗಾಬರಿಯಾಗಬೇಡಿ, ಆ ಚೀಟಿಯನ್ನೇ ಡಾಕ್ಟರಿಗೆ ತೋರಿಸಿ ಕೇಳಿ. ಕ್ರೀಮು ಸಿಗಲಿಲ್ಲವೆಂದು ಅಂಗಡಿಯವರು ನುಂಗುವ ಮಾತ್ರೆ ಕೊಟ್ಟರೆ ತರಬೇಡಿ. ಮುಟ್ಟು ನಿಂತವರಿಗೆ ಸ್ವಲ್ಪ ರಕ್ತ ಕಂಡರೂ ಒಣಗಿದ್ದರಿಂದಲೇ ಬಂತು ಎಂದುಕೊಳ್ಳದೆ ತಕ್ಷಣ ಪರೀಕ್ಷೆ ಮಾಡಿಸಿ.

ಸಂಘದ ಸಭೆಯಲ್ಲಿ ಚರ್ಚಿಸಿ:
1. ನುಂಗುವ ಹಾರ್ಮೋನು ಮಾತ್ರೆಗೂ ಒಳಗೆ ಇಡುವ ಔಷಧಿಗೂ ಇರುವ ವ್ಯತ್ಯಾಸವೇನು?
2. ಲೆಟ್ರೊಜೋಲ್ ನುಂಗುವವರು ಕ್ರೀಮು ಬಳಸುವ ಮೊದಲು ಯಾರನ್ನು ಕೇಳಬೇಕು? ಯಾಕೆ?
3. ಉರಿ ಇದೆ ಎಂದು ನಮ್ಮ ಸಂಘದ ಸದಸ್ಯೆ ಹೇಳಿದರೆ ಮೊದಲು ಯಾವ ಪರೀಕ್ಷೆಗೆ ಕಳಿಸುತ್ತೀರಿ?