ರಿಗ್ರೆಟ್ ಪತ್ರ ಹೀಗೆ ಬರಿ

ತಮ್ಮಾ, ಪೀಣ್ಯದ ನಿನ್ನ ಶೆಡ್ಡಿಗೆ ಬಂದಿರುವ ಎನ್‌ಕ್ವಯರಿ ನೋಡಿದೆ. ಹೈಡ್ರಾಲಿಕ್ ಸಿಲಿಂಡರಿನ ಪಿಸ್ಟನ್ ರಾಡು, 50 ಮಿ.ಮೀ. ವ್ಯಾಸ, 1,400 ಮಿ.ಮೀ. ಉದ್ದ, 40 ಪೀಸು. ಇಂಡಕ್ಷನ್ ಹಾರ್ಡನಿಂಗ್ ಆಗಬೇಕು, ಮೇಲೆ ಹಾರ್ಡ್ ಕ್ರೋಮ್ ಕೂರಬೇಕು, ಕೊನೆಯ ಅಳತೆ 49.950ರಿಂದ 49.975ರೊಳಗೆ ನಿಲ್ಲಬೇಕು. ನಿನ್ನ ಸಿಎನ್‌ಸಿ ಲೇತು ಹಿಡಿಯುವುದು 500 ಮಿ.ಮೀ. ಉದ್ದದ ಜಾಬನ್ನು. ಗ್ರೈಂಡಿಂಗ್ ಮೆಷಿನ್ನೇ ನಿನ್ನಲ್ಲಿಲ್ಲ. "ಎಲ್ಲಾ ಹೊರಗೆ ಮಾಡಿಸಿದರಾಯ್ತು" ಅಂತ ನಿನ್ನ ಮನಸ್ಸು ಹೇಳುತ್ತಿದೆ, ಗೊತ್ತು.

ಬೇಡ. ಅಷ್ಟುದ್ದದ ರಾಡು ಹಾರ್ಡನಿಂಗ್‌ನಲ್ಲಿ ಬಾಗುತ್ತದೆ. ಪ್ರೆಸ್ಸಿನಲ್ಲಿ ನೆಟ್ಟಗೆ ಮಾಡಿ, ಗ್ರೈಂಡ್ ಮಾಡಿ, ಕ್ರೋಮ್ ಹಾಕಿಸಿ, ಮತ್ತೆ ಗ್ರೈಂಡ್ ಮಾಡಬೇಕು. ಬಾಗು ಸ್ವಲ್ಪ ಉಳಿದರೂ ಕೊನೆಯ ಗ್ರೈಂಡಿಂಗ್‌ನಲ್ಲಿ ಒಂದು ಬದಿಯ ಕ್ರೋಮ್ ಹೆಚ್ಚು ಸವೆದುಹೋಗುತ್ತದೆ. ಮೈಕ್ರೋಮೀಟರಿಗೆ ವ್ಯಾಸ ಸರಿಯಾಗೇ ಸಿಗುತ್ತದೆ. ಗಿರಾಕಿಯ ಸಿಲಿಂಡರಿನಲ್ಲಿ ಕೆಲವು ತಿಂಗಳು ಓಡಿದ ಮೇಲೆ ಆ ಬದಿ ತುಕ್ಕು ಹಿಡಿದು, ಸೀಲು ಹರಿದು ಎಣ್ಣೆ ಸೋರುತ್ತದೆ. ಆಗ ಹಾರ್ಡನಿಂಗ್‌ನವನು ಗ್ರೈಂಡಿಂಗ್‌ನವನನ್ನು ತೋರಿಸುತ್ತಾನೆ, ಅವನು ಕ್ರೋಮ್‌ನವನನ್ನು. ಪರ್ಚೇಸ್ ಆರ್ಡರ್ ಮಾತ್ರ ನಿನ್ನ ಹೆಸರಿನಲ್ಲಿರುತ್ತದೆ.

ಹಾಗಂತ ಸುಮ್ಮನೆ ಕೂರಬೇಡ. ಖರೀದಿ ವಿಭಾಗದಲ್ಲಿ ಬಹಳ ಕಾಲ ಕೂತವನು ನಾನು. ಎನ್‌ಕ್ವಯರಿ ಕಳಿಸಿದವನು ಬಂದ ದರಗಳನ್ನೆಲ್ಲ ಪಕ್ಕಪಕ್ಕ ಬರೆದು ತುಲನಾ ಪಟ್ಟಿ ಮಾಡಿ ಮೇಲಿನವರ ಸಹಿ ಹಾಕಿಸಬೇಕು. ನಿನ್ನ ಹೆಸರಿನ ಮುಂದೆ 'ರಿಗ್ರೆಟ್' ಅಂತ ಬರೆಯಲು ಕೈಯಲ್ಲಿ ಕಾಗದವಿದ್ದರೆ ಅವನ ಫೈಲು ಮುಂದೆ ಹೋಗುತ್ತದೆ. 'ಉತ್ತರವಿಲ್ಲ' ಅಂತ ಬರೆಯಬೇಕಾಗಿ ಬಂದರೆ ಮುಂದಿನ ಸಲ ನಿನ್ನನ್ನು ಯಾಕೆ ಕೇಳಬೇಕು ಎಂಬ ಪ್ರಶ್ನೆ ಏಳುತ್ತದೆ. ಕೊನೆಯ ದಿನ ಸಂಜೆ ಹೇಳಿದರೂ ಅವನಿಗೆ ಉಪಯೋಗವಿಲ್ಲ. ಬೇರೊಬ್ಬರನ್ನು ಕೇಳಲು ಸಮಯ ಉಳಿದಿರುವಾಗಲೇ, ಅಂದರೆ ಡ್ರಾಯಿಂಗ್ ನೋಡಿ ನಿರ್ಧಾರ ಮಾಡಿದ ದಿನವೇ, ಬರಿ.

ಬೇಡದ ಕೆಲಸಕ್ಕೆ ದುಪ್ಪಟ್ಟು ರೇಟು ಹಾಕಿ ಕಳಿಸುವ ಅಭ್ಯಾಸ ನಮ್ಮ ಕಡೆ ಬಹಳ ಜನಕ್ಕಿದೆ. ಅದು ನನಗೆ ಒಂದಿಷ್ಟೂ ಹಿಡಿಸದು. ತುರ್ತು ಇದ್ದವನು ಆ ರೇಟಿಗೇ ಆರ್ಡರ್ ಕೊಟ್ಟುಬಿಟ್ಟರೆ? ವ್ಯಾಲಿಡಿಟಿ ಇರುವ ಕೊಟೇಶನ್ ಒಪ್ಪಿಕೊಂಡರೆ ಅದು ಕರಾರು, ನೀನು ಮಾಡಿಕೊಡಲೇಬೇಕು. ಅವನು ಆರ್ಡರ್ ಕೊಡದಿದ್ದರೂ ನಿನ್ನ ರೇಟುಗಳೆಲ್ಲ ಹೀಗೇ ಎಂಬ ಹೆಸರು ಉಳಿಯುತ್ತದೆ.

ಇನ್ನು ಕಾರಣ. "ಈಗ ಲೋಡ್ ಜಾಸ್ತಿ ಇದೆ" ಅಂತ ಬರೆಯಲು ಹೋಗಬೇಡ. ಮೂರು ತಿಂಗಳ ಮೇಲೆ ಇಂಥದೇ ರಾಡಿನ ಡ್ರಾಯಿಂಗ್ ಮತ್ತೆ ಬರುತ್ತದೆ, ಆಗ ಏನು ಹೇಳುತ್ತೀ? ನಿಜವಾಗಿ ಲೋಡ್ ಇದ್ದಾಗ ಯಾವ ತಿಂಗಳಿಂದ ಖಾಲಿ ಅಂತ ಹೇಳು. ಕೆಲಸವೇ ನಿನ್ನದಲ್ಲದಾಗ ಹಾಗಂತಲೇ ಹೇಳು. ಎರಡನ್ನೂ ಬೆರೆಸಬೇಡ.

ಮೇಲ್ ಇಂಗ್ಲಿಷಿನಲ್ಲೇ ಹೋಗಲಿ, ಒಳಗಿನ ಮಾತು ಇಷ್ಟಿರಲಿ: "ನಿಮ್ಮ ಎನ್‌ಕ್ವಯರಿಗೆ ಧನ್ಯವಾದ. ಡ್ರಾಯಿಂಗ್ ಪೂರ್ತಿ ನೋಡಿದೆವು. ನಮ್ಮಲ್ಲಿ 500 ಮಿ.ಮೀ.ವರೆಗೆ ಮಾತ್ರ ಟರ್ನಿಂಗ್ ಆಗುತ್ತದೆ, ಗ್ರೈಂಡಿಂಗ್ ಸೌಲಭ್ಯವಿಲ್ಲ. ಆದ್ದರಿಂದ ಈ ರಾಡಿಗೆ ದರ ಕೊಡಲಾಗುತ್ತಿಲ್ಲ, ಕ್ಷಮಿಸಿ. ಇದೇ ಸಿಲಿಂಡರಿನ ಪಿಸ್ಟನ್, ಗ್ಲ್ಯಾಂಡ್, ಬುಷ್‌ಗಳಿಗೆ ದರ ಬೇಕಿದ್ದರೆ ಸಂತೋಷದಿಂದ ಕೊಡುತ್ತೇವೆ. ನೀವು ಕಳಿಸಿದ ಡ್ರಾಯಿಂಗನ್ನು ನಮ್ಮ ಕಂಪ್ಯೂಟರಿನಿಂದ ತೆಗೆದುಹಾಕಿದ್ದೇವೆ." ಎನ್‌ಕ್ವಯರಿ ನಂಬರು, ಡ್ರಾಯಿಂಗ್ ನಂಬರು, ರಿವಿಷನ್ ಮೂರನ್ನೂ ಸಬ್ಜೆಕ್ಟಿನಲ್ಲೇ ಹಾಕು, ಅವನು ಹುಡುಕಬಾರದು. ಕ್ಷಮೆ ಒಂದು ಸಲ ಕೇಳಿದರೆ ಸಾಕು.

ಪಿಸ್ಟನ್, ಗ್ಲ್ಯಾಂಡಿನ ಸಾಲನ್ನು ಮಾತ್ರ ಬಿಡಬೇಡ. ರಾಡು ಬೇಕಾದವನಿಗೆ ಅವೂ ಬೇಕೇ ಬೇಕು. ಅವು ನಿನ್ನ ಲೇತಿಗೆ ಒಪ್ಪುವ ಅಳತೆಯವು. ಡ್ರಾಯಿಂಗ್ ತೆಗೆದುಹಾಕಿದೆವು ಎಂದ ಮೇಲೆ ನಿಜವಾಗಿ ತೆಗೆದುಹಾಕು, ಪ್ರಿಂಟ್ ಇದ್ದರೆ ಅದನ್ನೂ ಹರಿದುಬಿಡು. ಸ್ನೇಹಿತನ ಗ್ರೈಂಡಿಂಗ್ ಶಾಪಿಗೆ ವಾಟ್ಸಾಪ್ ಮಾಡಿ "ನೀನು ಮಾಡ್ತೀಯಾ" ಅಂತ ಕೇಳುವುದಂತೂ ಕೂಡದು, ಡ್ರಾಯಿಂಗ್ ಗಿರಾಕಿಯ ಸೊತ್ತು. ಅವರೇ ಕೇಳಿದರೆ ಸ್ನೇಹಿತನ ಹೆಸರು, ನಂಬರು ಕೊಡು. ಕೆಲಸದ ಗುಣಮಟ್ಟಕ್ಕೆ ನೀನು ಜಾಮೀನು ನಿಲ್ಲಬೇಡ.

ಈ ಎನ್‌ಕ್ವಯರಿ ನಿನಗೆ ಯಾಕೆ ಬಂತು ಎಂದೂ ನೋಡಿಕೋ. ವೆಂಡರ್ ರಿಜಿಸ್ಟ್ರೇಶನ್ ಫಾರ್ಮಿನಲ್ಲಿ ಬರೀ 'ಸಿಎನ್‌ಸಿ ಟರ್ನಿಂಗ್' ಅಂತ ತುಂಬಿದ್ದೀಯ, ಎಷ್ಟು ಉದ್ದ, ಎಷ್ಟು ವ್ಯಾಸ ಅಂತ ಇಲ್ಲ. ಇವತ್ತಿನ ಮೇಲ್ ಜತೆಗೇ ಅಳತೆ ಸಹಿತ ಮೆಷಿನ್ ಲಿಸ್ಟ್ ಕಳಿಸು, ಹಳೆಯದರ ಬದಲು ಇದನ್ನು ಇಟ್ಟುಕೊಳ್ಳಿ ಅಂತ ಬರಿ.