ಆಮಂತ್ರಣದ ಕೆಳಗಿನ ಒಕ್ಕಣೆ

ವಾರ್ಷಿಕೋತ್ಸವದ ಆಮಂತ್ರಣ ಪತ್ರಿಕೆಯ ಚಿತ್ರವನ್ನು ತರಗತಿಗಳ ವಾಟ್ಸ್ಆ್ಯಪ್ ಗುಂಪಿಗೆ ಹಾಕುವಾಗ ಅದರ ಕೆಳಗೆ ಒಂದು ಒಕ್ಕಣೆ ಬೇಕಲ್ಲ, ಅದನ್ನು ಬರೆಯುವ ಕೆಲಸ ಎರಡು ವರ್ಷದ ಹಿಂದೆ ನನ್ನ ಪಾಲಿಗೆ ಬಂತು. ಕನ್ನಡ ಮೇಷ್ಟ್ರು ಎಂಬ ಕಾರಣಕ್ಕೆ ಕೊಟ್ಟಿದ್ದರು. ಅಕ್ಕರೆಯಿಂದಲೇ ಬರೆದೆ. 'ಆತ್ಮೀಯ ಪೋಷಕರೇ' ಎಂದು ಶುರುಮಾಡಿ, ಅತಿಥಿಗಳ ಹೆಸರು, ಅಧ್ಯಕ್ಷತೆ, ಗೌರವ ಉಪಸ್ಥಿತಿ ಎಲ್ಲ ಮುಗಿದ ಮೇಲೆ ಕೊನೆಯಲ್ಲಿ 'ಪಾಸ್ ಕಡ್ಡಾಯ, ವಾಹನ ನಿಲುಗಡೆ ಪಕ್ಕದ ಮೈದಾನದಲ್ಲಿ' ಎಂದಿತ್ತು.

ಫೋನಿನಲ್ಲಿ ಉದ್ದದ ಒಕ್ಕಣೆ ಅರ್ಧಕ್ಕೇ ನಿಲ್ಲುತ್ತದೆ. ಉಳಿದದ್ದು ಕಾಣಬೇಕಾದರೆ ಒತ್ತಬೇಕು. ಬಹಳ ಜನ ಒತ್ತಿರಲಿಲ್ಲ. ಪತ್ರಿಕೆಯಲ್ಲಿ ಸಂಜೆ 5.30 ಎಂದಿದ್ದರಿಂದ ಮಕ್ಕಳನ್ನೂ 5.30ಕ್ಕೇ ಕರೆತಂದರು. ಬಣ್ಣ ಹಚ್ಚುವವರು ಮಧ್ಯಾಹ್ನದಿಂದ ಕಾದು ಕೂತಿದ್ದರು. ಎಲ್‌ಕೆಜಿ ಮಕ್ಕಳಿಗೆ ಒಂದೇ ಕೆನ್ನೆಗೆ ಬಣ್ಣ ಬಿದ್ದಿರುವಾಗಲೇ ವೇದಿಕೆಯಿಂದ ಕರೆ ಬಂತು.

ಆದರೆ ನನ್ನ ಮನಸ್ಸಿನಿಂದ ಹೋಗದೇ ಉಳಿದದ್ದು ಗೇಟಿನಲ್ಲಿ ನಡೆದದ್ದು. ಮನೆಗೆ ಎರಡು ಪಾಸ್ ಕೊಟ್ಟಿದ್ದೆವು. ಒಂದು ಪಾಸಿಗೆ ಎಷ್ಟು ಜನ ಎಂದು ನಾನು ಬರೆದಿರಲಿಲ್ಲ. ಮಗ, ಸೊಸೆಯ ಜೊತೆ ಬಂದ ಒಬ್ಬ ಅಜ್ಜಿಯನ್ನು ಕಾವಲುಗಾರ ತಡೆದ. ಅವನದ್ದು ತಪ್ಪಲ್ಲ, ಅವನಿಗೆ ಹೇಳಿದ್ದೇ ಹಾಗೆ. ಸುದ್ದಿ ತಿಳಿದು ನಾನು ಓಡಿಹೋಗುವಷ್ಟರಲ್ಲಿ ಮೊಮ್ಮಗಳ ಕುಣಿತ ಮುಗಿದಿತ್ತು. ಅವನ ಸ್ಟೂಲಿನ ಮೇಲೆ ಕೂತಿದ್ದ ಅಜ್ಜಿಯ ಕೈಯಲ್ಲಿ ಬಾಳೆಲೆಯಲ್ಲಿ ಸುತ್ತಿದ ಎರಡು ಮೊಳ ಮಲ್ಲಿಗೆ ಇತ್ತು. 'ಅವಳ ಜಡೆಗೆ ಅಂತ ತಂದಿದ್ದೆ ಮೇಷ್ಟ್ರೇ' ಎಂದರು.

ಮುಂದಿನ ವರ್ಷ ಕೂತು ಲೆಕ್ಕ ಹಾಕಿದೆವು. ಸಭಾಂಗಣದಲ್ಲಿ 700 ಕುರ್ಚಿ, ಮಕ್ಕಳು 320. ಮಗುವಿಗೆ ಇಬ್ಬರಂತೆ 640 ಆಯಿತು. ಮಿಕ್ಕ 60 ಅತಿಥಿಗಳಿಗೆ, ಶಿಕ್ಷಕರಿಗೆ. ಮಕ್ಕಳು ತರಗತಿ ಕೋಣೆಗಳಲ್ಲೇ ಇರುತ್ತಾರೆ. ಮೂರನೆಯವರಿಗೆ ನಿಜಕ್ಕೂ ಜಾಗವಿಲ್ಲ. ಹಾಗಾಗಿ ಹಿಂದಿನ ದಿನ ವೇಷಭೂಷಣ ಸಮೇತ ನಡೆಯುವ ತಾಲೀಮಿಗೆ ಅಜ್ಜ ಅಜ್ಜಿಯರನ್ನು ಕರೆಯೋಣ ಎಂದೆ. ಮುಖ್ಯ ಶಿಕ್ಷಕಿ ಒಪ್ಪಿದರು. ಒಕ್ಕಣೆ ಹೀಗಾಯಿತು:

*ವಾರ್ಷಿಕೋತ್ಸವ: ಶನಿವಾರ, ಡಿಸೆಂಬರ್ 20*
*ಮಗುವನ್ನು ಬಿಡುವುದು: ಮಧ್ಯಾಹ್ನ 3.30, ಹಿಂದಿನ ಗೇಟು*
*ಪೋಷಕರು ಬರುವುದು: ಸಂಜೆ 5ರಿಂದ 5.45, ಮುಂದಿನ ಗೇಟು*
ಒಂದು ಪಾಸಿಗೆ ಒಬ್ಬರು, ಮಗುವಿಗೆ ಎರಡು ಪಾಸ್. ಮಡಿಲಲ್ಲಿ ಕೂರುವ ಮಗುವಿಗೆ ಬೇಡ.
ಅಜ್ಜ ಅಜ್ಜಿಯರು ಶುಕ್ರವಾರ ಬೆಳಿಗ್ಗೆ 10ಕ್ಕೆ ತಾಲೀಮಿಗೆ ಬನ್ನಿ, ಪಾಸ್ ಬೇಡ.
ಬೈಕ್: ಶಾಲೆಯ ಒಳಗೆ, ಬೇವಿನ ಮರದ ಹತ್ತಿರ. ಕಾರು: ಸಂತೆ ಮೈದಾನ. ಗೇಟಿನ ಮುಂದೆ ನಿಲ್ಲಿಸಬೇಡಿ, ಆಂಬುಲೆನ್ಸ್‌ಗೆ ದಾರಿ ಬೇಕು.
ಸಭೆ 5.45, ಎಲ್‌ಕೆಜಿ-ಯುಕೆಜಿ 6.30, 1ರಿಂದ 4ನೇ ತರಗತಿ 7.00, 5ರಿಂದ 10ನೇ ತರಗತಿ 7.45, ಮುಕ್ತಾಯ 9.15.
ಮಗುವನ್ನು ಅದರ ತರಗತಿ ಕೋಣೆಯಿಂದಲೇ, ಪಾಸ್ ತೋರಿಸಿ ಕರೆದೊಯ್ಯಿರಿ.

ಅತಿಥಿಗಳ ಹೆಸರು ಪತ್ರಿಕೆಯ ಮೇಲೇ ಇದೆ, ಒಕ್ಕಣೆಯಲ್ಲಿ ಬೇಕಿರಲಿಲ್ಲ. ಮೊದಲ ಮೂರು ಸಾಲಿಗೆ ಎರಡೂ ಕಡೆ ನಕ್ಷತ್ರದ ಗುರುತು ಹಾಕಿದರೆ ಅಕ್ಷರ ದಪ್ಪಗೆ ಕಾಣುತ್ತದೆ. ಒತ್ತದೆ ಹೋದವರಿಗೂ ಆ ಮೂರು ಸಾಲು ಸಿಗುತ್ತದೆ. 'ಪಕ್ಕದ ಮೈದಾನ' ಎಂದು ಬರೆದ ವರ್ಷ ಅರ್ಧ ಕಾರುಗಳು ದೇವಸ್ಥಾನದ ಬಯಲಿಗೆ ಹೋಗಿದ್ದವು. ಸಂತೆ ಮೈದಾನ ಎಂದರೆ ಊರಿನಲ್ಲಿ ಯಾರಿಗೂ ಅನುಮಾನವಿಲ್ಲ. ಪುಟ್ಟ ಮಕ್ಕಳು ಎಂಟರ ಹೊತ್ತಿಗೆ ತೂಕಡಿಸುತ್ತಾರೆ, ಅದಕ್ಕೇ ಅವರ ಸರದಿ ಮೊದಲು. ಮುಗಿಯುವ ಹೊತ್ತನ್ನೂ ಬರೆಯಲೇಬೇಕು. ರಾತ್ರಿ 10ರ ಮೇಲೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ, ಹೊರಗಿನ ಮೈಕಿಗೂ ಅದೇ ನಿಯಮ. ಆಟೋಗೆ ಹೇಳಿಡುವವರಿಗೂ ಮುಗಿಯುವ ಹೊತ್ತು ಗೊತ್ತಿರಬೇಕು.

ಒಂದು ತೊಡಕು ಆಗಲೂ ಉಳಿಯಿತು. ಯಾರೋ ಚಿತ್ರವನ್ನಷ್ಟೇ ಉಳಿಸಿಕೊಂಡು ಮನೆಯವರ ಗುಂಪಿಗೆ ಹಾಕಿದರು, ಒಕ್ಕಣೆ ಹಿಂದೆಯೇ ಉಳಿಯಿತು. ಈಗ ಆ ಎರಡು ಸಮಯ, ಎರಡು ಗೇಟನ್ನು ಪತ್ರಿಕೆಯ ಮೇಲೂ ಅಚ್ಚು ಹಾಕಿಸುತ್ತೇವೆ.

ಶುಕ್ರವಾರದ ತಾಲೀಮಿಗೆ ಆ ಅಜ್ಜಿ ಬಂದಿದ್ದರು, ಮುಂದಿನ ಸಾಲಿನಲ್ಲೇ ಕೂತಿದ್ದರು.

ಈ ಸಲ ಕಳಿಸುವ ಮುಂಚೆ ಒಕ್ಕಣೆಯನ್ನು ಕಾವಲುಗಾರನಿಗೆ ಓದಿ ಹೇಳಿದೆ. ಎಲ್ಲ ಕೇಳಿ, 'ಪಾಸಿನ ಫೋಟೋ ಫೋನಲ್ಲಿ ತೋರಿಸಿದ್ರೆ ಬಿಡ್ಲಾ ಸಾರ್?' ಎಂದ. ಒಂದೇ ಪಾಸಿನ ಫೋಟೋ ಹತ್ತು ಜನರ ಫೋನಿಗೆ ಹೋಗಬಹುದೆಂಬುದು ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ. ಅವನ ಮುಂದೆಯೇ ಒಂದು ಸಾಲು ಸೇರಿಸಿದೆ: ಶಾಲೆ ಕೊಟ್ಟ ಕಾಗದದ ಪಾಸ್ ಕೈಯಲ್ಲಿರಲಿ, ಫೋಟೋ ನಡೆಯುವುದಿಲ್ಲ.