ಕ್ರಿಸ್ಪರ್ ನಾಕೌಟ್: ಜೀನ್ ನಿಜಕ್ಕೂ ಕೆಟ್ಟಿದೆಯೇ?

ಎಚ್‌ಸಿಟಿ116 ಎಂಬುದು ಪ್ರಯೋಗಾಲಯದಲ್ಲಿ ಬೆಳೆಸುವ ಮಾನವ ಕರುಳಿನ ಕ್ಯಾನ್ಸರ್ ಕೋಶ. ಅದರ ಟಿಪಿ53 ಜೀನನ್ನು ಕ್ಯಾಸ್9 ಕತ್ತರಿಸಿದಾಗ, ಕೋಶ ಅವಸರದಲ್ಲಿ ಬೆಸೆಯುವುದರಿಂದ ಕೆಲವು ಬೇಸ್‌ಗಳು ಬಿಟ್ಟುಹೋಗುತ್ತವೆ ಇಲ್ಲವೇ ಸೇರಿಕೊಳ್ಳುತ್ತವೆ. ಒಂದೇ ಕೋಶದಿಂದ ಬೆಳೆಸಿದ ಕ್ಲೋನ್‌ನಲ್ಲಿ ಆ ಜಾಗವನ್ನು ಪಿಸಿಆರ್‌ನಿಂದ ಹೆಚ್ಚಿಸಿ ಸ್ಯಾಂಗರ್ ವಿಧಾನದಲ್ಲಿ ಓದುತ್ತಾರೆ. ಜೀನಿನ ಎರಡು ಪ್ರತಿಗಳಲ್ಲಿ ಬದಲಾವಣೆ ಬೇರೆಬೇರೆಯಾಗಿದ್ದರೆ ಕತ್ತರಿಸಿದಲ್ಲಿಂದ ಮುಂದೆ ಗ್ರಾಫಿನ ಶಿಖರಗಳು ಒಂದರ ಮೇಲೊಂದು ಬೀಳುತ್ತವೆ. ಒಂದರಲ್ಲಿ 1 ಬೇಸ್ ಸೇರಿ, ಇನ್ನೊಂದರಲ್ಲಿ 3 ಬೇಸ್ ಹೋಗಿದ್ದರೆ ಜೀನ್ ಕೆಟ್ಟಿದೆ ಎಂದು ನಂಬಬೇಡಿ. 3 ಹೋದಾಗ ಓದುವ ಚೌಕಟ್ಟು ಕೆಡುವುದಿಲ್ಲ, ಪ್ರೋಟೀನ್ ಹೆಚ್ಚುಕಡಿಮೆ ಪೂರ್ತಿಯಾಗಿ ಉಳಿದೀತು.

ಆದ್ದರಿಂದಲೇ ವೆಸ್ಟರ್ನ್ ಬ್ಲಾಟ್. ಸಾಮಾನ್ಯ ಸ್ಥಿತಿಯಲ್ಲಿ ಪಿ53 ಬಲು ಕಡಿಮೆ ಇರುವುದರಿಂದ ಮೊದಲು ಡಾಕ್ಸೊರುಬಿಸಿನ್ ಕೊಟ್ಟು ಅದನ್ನು ಏರಿಸಬೇಕು. ಮೂಲ ಕೋಶದಲ್ಲಿ ಪಟ್ಟಿ ಕಾಣಬೇಕು, ಕ್ಲೋನ್‌ನಲ್ಲಿ ಕಾಣಬಾರದು. ಆಕ್ಟಿನ್ ಪಟ್ಟಿ ಎರಡರಲ್ಲೂ ಸಮನಾಗಿರಬೇಕು. ಹಲವರು ಎಡವುವುದು ಪ್ರತಿಕಾಯದ ಆಯ್ಕೆಯಲ್ಲಿ. ಡಿಒ-1 ಎಂಬ ಜನಪ್ರಿಯ ಪ್ರತಿಕಾಯ ಹಿಡಿಯುವುದು 20ರಿಂದ 25ನೇ ಅಮೈನೋ ಆಮ್ಲಗಳ ಭಾಗವನ್ನು. ಜೀನಿನ ಆರಂಭದಲ್ಲೇ ಕತ್ತರಿ ಬಿದ್ದಿದ್ದರೆ ಕೋಶ 40ನೇ ಮೆಥಿಯೊನಿನ್‌ನಿಂದ ಶುರುಮಾಡಿ ಗಿಡ್ಡ ಪಿ53 ತಯಾರಿಸಬಹುದು. ಅದು ಡಿಒ-1ಗೆ ಸಿಗುವುದೇ ಇಲ್ಲ. ಪ್ರೋಟೀನಿನ ಕೊನೆಯ ಭಾಗವನ್ನು ಹಿಡಿಯುವ ಇನ್ನೊಂದು ಪ್ರತಿಕಾಯಕ್ಕೂ ಪಟ್ಟಿ ಬಾರದಿದ್ದರೆ ಮಾತ್ರ ಆ ಕ್ಲೋನನ್ನು ನಾಕೌಟ್ ಎನ್ನಿ.